ಬಾಟಲಿಯ ಎದೆ, ಕಟ್ಟಿಗೆಯ ಪಕ್ಕೆಲುಬು: ಉಸಿರಾಟದ ಮಾದರಿ ಎಲ್ಲಿಗೆ ಬಂತು

ಕಲಬುರಗಿ, ಭಾನುವಾರ

ಅಣ್ಣನ ಮಗಳಿಗೆ ತೋರಿಸಲೆಂದು ಶುರು ಮಾಡಿದ ಎದೆಗೂಡಿನ ಮಾದರಿ ಈ ವಾರ ಒಂದು ಹದಕ್ಕೆ ಬಂದಿದೆ. ಹೋದ ವಾರದ ಬಾಟಲಿ ಕೈಕೊಟ್ಟಿದ್ದರಿಂದಲೇ ಈ ವಾರದ ಕೆಲಸ ಹುಟ್ಟಿತು, ಅದಕ್ಕೆ ಅಲ್ಲಿಂದಲೇ ಬರೆಯುತ್ತೇನೆ.

ಅದು ಶಾಲೆಗಳಲ್ಲಿ ಮಾಡುವ ಮಾದರಿಯೇ. ನೀರಿನ ಬಾಟಲಿಯ ತಳ ಕತ್ತರಿಸಿ, ಬಾಯಿಯಿಂದ ಒಳಗೆ ಒಂದು ಬಲೂನು ಇಳಿಬಿಟ್ಟು, ತಳಕ್ಕೆ ಇನ್ನೊಂದು ಬಲೂನಿನ ರಬ್ಬರು ಬಿಗಿದಿದ್ದೆ. ತಳದ ರಬ್ಬರು ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ, ಒಳಗಿನ ಬಲೂನು ಶ್ವಾಸಕೋಶ. ರಬ್ಬರನ್ನು ಕೆಳಗೆ ಎಳೆದರೆ ಒಳಗಿನ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಬಲೂನಿಗೆ ನುಗ್ಗುತ್ತದೆ. ಆದರೆ ನನ್ನ ಬಲೂನು ಅರೆಬರೆ ಉಬ್ಬಿ ನಿಂತುಬಿಡುತ್ತಿತ್ತು. ಎಲ್ಲೋ ಸೋರುತ್ತಿದೆ ಎಂದು ಎರಡು ಸಲ ಅಂಟು ಹಚ್ಚಿದೆ. ಮೂರನೇ ಸಲ ಬೆಳಕಿಗೆ ಹಿಡಿದು ಎಳೆದಾಗ ಕಾರಣ ಕಂಡಿತು: ಬಾಟಲಿಯ ಗೋಡೆ ತೆಳುವಾದ್ದರಿಂದ, ರಬ್ಬರು ಕೆಳಗಿಳಿದಾಗಲೆಲ್ಲ ಎರಡೂ ಪಕ್ಕ ಒಳಕ್ಕೆ ಕುಸಿಯುತ್ತಿದ್ದವು. ಕೆಳಗೆ ಗಳಿಸಿದ ಜಾಗವನ್ನು ಪಕ್ಕದಲ್ಲಿ ಕಳೆದುಕೊಳ್ಳುತ್ತಿದ್ದೆ.

ನಮ್ಮ ಎದೆಗೂ ಇದೇ ಗಂಡಾಂತರವಿದೆ. ವಪೆ ಗುಮ್ಮಟದಂತೆ ಮೇಲಕ್ಕೆ ಉಬ್ಬಿದ ಸ್ನಾಯು. ಅದು ಬಿಗಿದಾಗ ಗುಮ್ಮಟ ಕೆಳಗೆ ಸರಿಯುತ್ತದೆ, ಸುಮ್ಮನೆ ಕೂತಾಗಿನ ಉಸಿರಿನಲ್ಲಿ ಸುಮಾರು 1.5 ಸೆಂ.ಮೀ. ಅದರ ಹರವು 250 ಚದರ ಸೆಂ.ಮೀ. ಎಂದು ಇಟ್ಟುಕೊಂಡರೆ 375 ಮಿಲಿ ಜಾಗ ಸಿಕ್ಕಿತು. ದೊಡ್ಡವರ ಒಂದು ಸಾಧಾರಣ ಉಸಿರು ಸುಮಾರು 500 ಮಿಲಿ, ಅಂದರೆ ದೊಡ್ಡ ಪಾಲು ವಪೆಯದ್ದೇ. ಆದರೆ ಅದು ಇಳಿಯುವಾಗ ಎದೆಯೊಳಗಿನ ಒತ್ತಡ ಕಡಿಮೆಯಾಗಿ ಪಕ್ಕೆಲುಬುಗಳ ನಡುವಿನ ಮೆತ್ತನೆಯ ಜಾಗ ಒಳಕ್ಕೆ ಸೆಳೆಯಲ್ಪಡಬೇಕು. ಸೆಳೆಯದಂತೆ ಬಿಗಿದು ಹಿಡಿಯುವುದು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ಉಸಿರಾಟದ ತೊಂದರೆಯಿರುವ ಕೂಸುಗಳಲ್ಲಿ ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಹೋಗುವುದನ್ನು ವೈದ್ಯರು ಅಪಾಯದ ಗುರುತು ಎಂದೇ ನೋಡುತ್ತಾರೆ. ಅಲ್ಲಿ ಸೆಳೆತ ಜೋರಾಗಿರುತ್ತದೆ, ಕೂಸಿನ ಎದೆಗೂಡೂ ಮೆತ್ತಗಿರುತ್ತದೆ.

ಬಾಟಲಿ ಬಿಟ್ಟು ದಪ್ಪ ಪ್ಲಾಸ್ಟಿಕ್ ಡಬ್ಬಿ ಹಿಡಿದೆ, ಬಲೂನು ತುಂಬಿಕೊಂಡಿತು. ಆದರೂ ಗಟ್ಟಿ ಗೋಡೆಯಲ್ಲಿ ಪಕ್ಕೆಲುಬು ಮೇಲೇಳುವುದು ಕಾಣುವುದಿಲ್ಲ. ಅದಕ್ಕಾಗಿ ಪರಿಚಯದ ಬಡಗಿಯ ಹತ್ತಿರ ನಾಲ್ಕು ಪಟ್ಟಿ ಸೀಳಿಸಿಕೊಂಡು ಬಂದೆ.

ನಿಂತ ಪಟ್ಟಿ ಬೆನ್ನೆಲುಬು. ಅದಕ್ಕೆ 6 ಸೆಂ.ಮೀ. ಅಂತರದಲ್ಲಿ, 20 ಸೆಂ.ಮೀ. ಉದ್ದದ ಎರಡು ಪಕ್ಕೆಲುಬು. ಅವುಗಳ ಇನ್ನೊಂದು ತುದಿಗೆ ಎದೆಮೂಳೆಯ ಪಟ್ಟಿ. ನಾಲ್ಕೂ ಮೂಲೆಯಲ್ಲಿ ಸಡಿಲ ಬೋಲ್ಟು. ನಿಜದ ಎದೆಯಂತೆ ಪಕ್ಕೆಲುಬು ಮುಂದಕ್ಕೆ ಇಳಿಜಾರಾಗಿರಲೆಂದು 30 ಡಿಗ್ರಿ ವಾಲಿಸಿ ಇಟ್ಟೆ. ಪಕ್ಕೆಲುಬುಗಳ ನಡುವಿನ ಸ್ನಾಯುವಿನ ಬದಲಿಗೆ ಸೈಕಲ್ ಟ್ಯೂಬಿನ ಸೀಳನ್ನು ಎಳೆದು ಎರಡು ಪಕ್ಕೆಲುಬಿಗೂ ಓರೆಯಾಗಿ ಕಟ್ಟಿ ಕೈಬಿಟ್ಟರೆ ಎದೆಮೂಳೆ ಇನ್ನೂ ಕೆಳಗೆ ಜಾರಿತು.

“ಕಾಕಾ, ಇದು ಉಸಿರು ತಗೊಳ್ಲಾಕ ಹೋಗಿ ಬಿಡ್ಲಾಕತ್ತದ!” ಎಂದಳು ಹುಡುಗಿ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಟ್ಯೂಬನ್ನು ತಿರುವುಮುರುವು ಕಟ್ಟಿದ್ದೆ. ಹೊರಪದರದ ಸ್ನಾಯುವಿನ ಎಳೆಗಳು ಮೇಲಿನ ಪಕ್ಕೆಲುಬಿನಿಂದ ಹೊರಟು ಕೆಳಕ್ಕೂ ಮುಂದಕ್ಕೂ ಸಾಗುತ್ತವೆ. ಹಾಗಾಗಿ ಮೇಲಿನ ಪಟ್ಟಿಯಲ್ಲಿ ಬೆನ್ನಿನಿಂದ 6 ಸೆಂ.ಮೀ. ದೂರದಲ್ಲೂ ಕೆಳಗಿನದರಲ್ಲಿ 14 ಸೆಂ.ಮೀ. ದೂರದಲ್ಲೂ ಕಟ್ಟಬೇಕಿತ್ತು. ಟ್ಯೂಬು ಎರಡನ್ನೂ ಒಂದೇ ಬಲದಿಂದ ಎಳೆದರೂ, ಕೆಳಗಿನ ಪಟ್ಟಿಯನ್ನು ಕೀಲಿನಿಂದ ದೂರದಲ್ಲಿ ಹಿಡಿದಿರುವುದರಿಂದ ಅದನ್ನು ಎತ್ತುವ ಸನ್ನೆ ಗೆಲ್ಲುತ್ತದೆ. ಬಿಚ್ಚಿ ಮತ್ತೆ ಕಟ್ಟಿದೆ, ಇಡೀ ಚೌಕಟ್ಟು ಮೇಲೆದ್ದಿತು! ವಾಲಿಕೆ 30ರಿಂದ 20 ಡಿಗ್ರಿಗೆ ಬರುವಷ್ಟರಲ್ಲಿ ಟ್ಯೂಬು 12.2ರಿಂದ 11.5 ಸೆಂ.ಮೀ.ಗೆ ಕುಗ್ಗಿತ್ತು, ಬೆನ್ನಿನಿಂದ ಎದೆಮೂಳೆಗೆ ಇರುವ ದೂರ 17.3ರಿಂದ 18.8ಕ್ಕೆ ಏರಿತ್ತು. ನಿಜದ ಎದೆ ಶಾಂತ ಉಸಿರಿನಲ್ಲಿ ಇಷ್ಟು ಏಳುವುದಿಲ್ಲ. ಕಣ್ಣಿಗೆ ಕಾಣಲೆಂದು ಹಿಗ್ಗಿಸಿದ್ದೇನೆ.

ಉಸಿರು ಬಿಡುವುದನ್ನು ತೋರಿಸಲು ಮಾತ್ರ ಮತ್ತೆ ಡಬ್ಬಿಯೇ ಬೇಕಾಯಿತು. ತಳದ ರಬ್ಬರು ಎಳೆದು ಹಿಡಿದು, ನಿಧಾನ ಕೈ ಸಡಿಲಿಸಿದೆ. ಯಾರೂ ಒತ್ತದೆಯೇ ಬಲೂನು ತನ್ನ ಬಿಗುವಿನಿಂದ ತಾನೇ ಕುಗ್ಗಿ ಗಾಳಿ ಹೊರಹಾಕಿತು. ಡಬ್ಬಿಯ ಬಾಯಿಗೆ ಹಿಡಿದಿದ್ದ ಹುಡುಗಿಯ ಕೆನ್ನೆಗೆ ತಣ್ಣಗೆ ತಾಗಿತು. ಸುಮ್ಮನೆ ಕೂತವರಲ್ಲೂ ಹೀಗೆಯೇ: ವಪೆ ಸಡಿಲವಾಗುತ್ತದೆ, ಹಿಗ್ಗಿದ ಶ್ವಾಸಕೋಶ ಹಿಂದಕ್ಕೆ ಸೆಳೆಯುತ್ತದೆ, ಗುಮ್ಮಟ ಮೇಲೇರುತ್ತದೆ. ಪಕ್ಕೆಲುಬಿನ ಒಳಪದರದ ಸ್ನಾಯುಗಳೂ ಹೊಟ್ಟೆಯ ಸ್ನಾಯುಗಳೂ ಜೋರಾಗಿ ದುಡಿಯುವುದು ಕೆಮ್ಮುವಾಗ, ಊದುವಾಗ, ಓಡಿ ಏದುಸಿರು ಬಿಡುವಾಗ.

ಬಾಕಿ ಉಳಿದಿರುವುದು ಒಂದು. ಚಪ್ಪಟೆ ಪಟ್ಟಿಗಳಲ್ಲಿ ಎದೆ ಮುಂದಕ್ಕೆ ಬರುವುದಷ್ಟೇ ಕಾಣುತ್ತದೆ. ಕೆಳಗಿನ ಪಕ್ಕೆಲುಬುಗಳು ಬಕೆಟ್ಟಿನ ಹಿಡಿಯಂತೆ ಪಕ್ಕಕ್ಕೆ ಏಳುವುದನ್ನು ತೋರಿಸಲು ಬಾಗಿಸಿದ ಕಬ್ಬಿಣದ ತಂತಿ ಬೇಕು. ತಂತಿ ತಂದಿಟ್ಟಿದ್ದೇನೆ, ಬಾಗಿಸುವುದು ಬರುವ ಭಾನುವಾರ.