ಹಿಂದಿನ ಗಾಜಿನ ಡಿಫಾಗರ್ ರಿಪೇರಿ: ಬೀಪ್ ನಂಬಿ ಅರ್ಧ ದಿನ ಹೋಯಿತು

ಶನಿವಾರ ಬೆಳಿಗ್ಗೆ

ಮಡಿಕೇರಿಯ ಮಳೆಗಾಲದಲ್ಲಿ ಹಿಂದಿನ ಗಾಜಿಗೆ ಮಂಜು ಹಿಡಿದರೆ ರಿವರ್ಸ್ ತೆಗೆಯುವುದಕ್ಕೇ ಭಯ. ನನ್ನದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಡಿಫಾಗರ್ ಸ್ವಿಚ್ ಒತ್ತಿದರೆ ದೀಪ ಬರುತ್ತದೆ, ಗಾಜು ಮಾತ್ರ ಬಿಸಿಯಾಗುವುದಿಲ್ಲ. ಫ್ಯೂಸ್ ಸರಿಯಿದೆ, ರಿಲೇ ಟಿಕ್ ಅನ್ನುತ್ತದೆ. ಅಂದರೆ ತೊಂದರೆ ಗಾಜಿನ ಕಡೆಯೇ ಇರಬೇಕು.

ಗಾಜಿನ ಎರಡೂ ಬದಿಯಲ್ಲಿ ಒಂದೊಂದು ಅಗಲ ಪಟ್ಟಿ, ಅವುಗಳ ನಡುವೆ 12 ತೆಳು ಗೆರೆ. ಒಂದು ಪಟ್ಟಿಗೆ ಪ್ಲಸ್ ಬರುತ್ತದೆ, ಇನ್ನೊಂದು ಡಿಕ್ಕಿ ಬಾಗಿಲಿನ ತಗಡಿಗೆ ಅರ್ತ್ ಆಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ, ಡಿಫಾಗರ್ ಆನ್ ಮಾಡಿ, ಮಲ್ಟಿಮೀಟರಿನ ಕಪ್ಪು ವೈರನ್ನು ಕಾರಿನ ಬಾಡಿಯ ತಗಡಿಗೆ ಹಿಡಿದು ನೋಡಿದೆ. ಪ್ಲಸ್ ಪಟ್ಟಿಯಲ್ಲಿ 13.2 ವೋಲ್ಟ್. ಅರ್ತ್ ಪಟ್ಟಿಯಲ್ಲೂ 13.2! ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಕರೆಂಟ್ ಗಾಜು ದಾಟಿ ಬಂದು ಹೊರಗೆ ಹೋಗಲು ದಾರಿ ಇಲ್ಲದೆ ನಿಂತಿದೆ ಅಂತ ಅರ್ಥ. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರೆ ಅರ್ತ್ ಸ್ಕ್ರೂ ಪೂರ್ತಿ ತುಕ್ಕು. ಸ್ಯಾಂಡ್ ಪೇಪರಿನಿಂದ ತಗಡು ಹೊಳೆಯುವವರೆಗೆ ಉಜ್ಜಿ ಹೊಸ ಸ್ಕ್ರೂ ಬಿಗಿದೆ. ಈಗ ಅಲ್ಲಿ 0.1 ವೋಲ್ಟ್.

ಶನಿವಾರ ಮಧ್ಯಾಹ್ನ

ಗಾಜಿಗೆ ಒಳಗಿನಿಂದ ಬಿಸಿನೀರಿನ ಹಬೆ ಹಿಡಿಸಿ ಕಾದೆ. ಒಂಬತ್ತು ಗೆರೆಗಳ ಸುತ್ತ ಮಂಜು ಕರಗಿತು. ಮೇಲಿನಿಂದ ಎಣಿಸಿದರೆ 8, 9 ಮತ್ತು 11ನೆಯ ಗೆರೆಗಳ ಸುತ್ತ ಹಾಗೇ ಉಳಿಯಿತು. ಹಿಂದಿನ ಮಾಲೀಕರು ಸನ್‌ಫಿಲ್ಮ್ ತೆಗೆಸುವಾಗ ಯಾರೋ ಬ್ಲೇಡ್ ಎಳೆದಿದ್ದಾರೆ ಅನ್ನಿಸುತ್ತದೆ, ಅಲ್ಲಿ ಅಡ್ಡಡ್ಡ ಗೀರುಗಳಿವೆ.

ಇಲ್ಲಿ ನಾನು ದಾರಿ ತಪ್ಪಿದೆ. ಸ್ವಿಚ್ ಆಫ್ ಮಾಡಿ, ಮೀಟರನ್ನು ಬೀಪ್ ಮೋಡ್‌ಗೆ ಹಾಕಿ, 8ನೆಯ ಗೆರೆಯ ಮೇಲೆ ಅಲ್ಲಲ್ಲಿ ಎರಡೆರಡು ಕಡೆ ಮುಟ್ಟಿಸುತ್ತಾ ಹೋದೆ. ಎಲ್ಲಿ ಇಟ್ಟರೂ ಬೀಪ್! ಗೆರೆ ತುಂಡಾಗಿಲ್ಲ ಅಂತಲೇ ನಂಬಿ ಸಂಜೆವರೆಗೂ ತಲೆ ಕೆಡಿಸಿಕೊಂಡೆ. ಆಮೇಲೆ ಚಿತ್ರ ಬರೆದು ನೋಡಿದಾಗ ಗೊತ್ತಾಯಿತು. ಗೆರೆಗಳೆಲ್ಲ ಎರಡೂ ತುದಿಯಲ್ಲಿ ಒಂದಕ್ಕೊಂದು ಸೇರಿಕೊಂಡಿವೆ. ಒಂದು ಗೆರೆ ತುಂಡಾದರೂ ಮೀಟರಿನ ಕರೆಂಟ್ ಪಕ್ಕದ ಪಟ್ಟಿಗೆ ಹೋಗಿ, ಚೆನ್ನಾಗಿರುವ ಗೆರೆಗಳಲ್ಲಿ ಸುತ್ತಿ, ಆ ಕಡೆಯಿಂದ ವಾಪಸ್ ಬರುತ್ತದೆ. ಒಂದು ಗೆರೆಗೆ ಸುಮಾರು 12 ಓಮ್ ಅಂದುಕೊಂಡರೆ ಈ ಸುತ್ತು ದಾರಿ 13-14 ಓಮ್ ಅಷ್ಟೇ. ಎಷ್ಟೋ ಮೀಟರುಗಳು 30 ಓಮ್ ಇದ್ದರೂ ಬೀಪ್ ಅನ್ನುತ್ತವೆ. ಹಾಗಾಗಿ ಈ ಕೆಲಸಕ್ಕೆ ಬೀಪ್ ಬೇಡ. ಡಿಫಾಗರ್ ಆನ್ ಇಟ್ಟು ವೋಲ್ಟ್ ಅಳೆಯುವುದೇ ಸರಿ.

ಭಾನುವಾರ

ಪ್ರೋಬಿನ ಚೂಪು ತುದಿ ಗೆರೆಯನ್ನು ಕೆರೆಯದಿರಲಿ ಅಂತ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬೆರಳಿನಿಂದ ಗೆರೆಗೆ ಒತ್ತಿ ಹಿಡಿದೆ. ಕಪ್ಪು ವೈರ್ ಮೊದಲಿನಂತೆ ಬಾಡಿಯ ತಗಡಿಗೇ. ಚೆನ್ನಾಗಿರುವ ಗೆರೆಯ ನಟ್ಟನಡುವೆ 6.6, ಅಂದರೆ ಸರಿಯಾಗಿ ಅರ್ಧ. 9ನೆಯದರ ನಡುವೆ 13.2 ಬಂತು, ಹಾಗಾದರೆ ತುಂಡಾದ ಜಾಗ ಅರ್ತ್ ಕಡೆ. 8 ಮತ್ತು 11ರಲ್ಲಿ ಸೊನ್ನೆ, ಅಂದರೆ ಪ್ಲಸ್ ಕಡೆ. ಪ್ಲಸ್ ಕಡೆಯಿಂದ ಫಾಯಿಲನ್ನು ನಿಧಾನವಾಗಿ ಸರಿಸುತ್ತಾ ಹೋದರೆ 13.2 ಇದ್ದದ್ದು ಒಂದು ಕಡೆ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಅದೇ ಜಾಗ. ಗಾಜಿನ ಹೊರಗಡೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿಕೊಂಡೆ. ನಡುವೆ ಟೈಮರ್ ತಾನೇ ಆಫ್ ಮಾಡುತ್ತದೆ, ಇದ್ದಕ್ಕಿದ್ದಂತೆ ಎಲ್ಲ ಕಡೆ ಸೊನ್ನೆ ಬಂದರೆ ಮೊದಲು ಸ್ವಿಚ್ ನೋಡಿ.

ಆಫ್ ಮಾಡಿ, ಗಾಜು ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ. ಗೆರೆಯ ಮೇಲೂ ಕೆಳಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಗೆರೆಯಷ್ಟೇ ಅಗಲದ ಸಂದು ಬಿಟ್ಟೆ. ಬೆಳ್ಳಿ ಪುಡಿ ಇರುವ ಕಂಡಕ್ಟಿವ್ ಪೇಂಟನ್ನು ಚೆನ್ನಾಗಿ ಕುಲುಕಿ, ತುಂಡಾದ ಜಾಗದ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹಳೇ ಗೆರೆಯ ಮೇಲೂ ಬರುವಂತೆ ತೆಳುವಾಗಿ ಮೂರು ಸಲ ಹಚ್ಚಿದೆ. ಪ್ರತಿ ಸಲ ಒಣಗಲು ಬಿಟ್ಟು, ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ತೆಗೆದೆ. ಪೂರ್ತಿ ಒಣಗಿದ ಮೇಲೆ ಎಳೆದರೆ ಪೇಂಟೂ ಕಿತ್ತು ಬರುತ್ತದೆ. ಆಮೇಲೆ ಒಂದು ದಿನ ಸ್ವಿಚ್ ಮುಟ್ಟಲಿಲ್ಲ.

ಸೋಮವಾರ ಸಂಜೆ

8 ಮತ್ತು 9ರ ನಡುವೆ ಈಗ 6.5ರ ಆಸುಪಾಸು. 11 ಮಾತ್ರ ಇನ್ನೂ ತಣ್ಣಗೆ. ಮತ್ತೆ ಸರಿಸಿ ನೋಡಿದರೆ 13.2 ನನ್ನ ಪೇಂಟ್ ದಾಟಿ ಒಂದು ಗೇಣು ಮುಂದೆ ಹೋಗಿ ಬೀಳುತ್ತಿದೆ. ಅದು ಎರಡು ಕಡೆ ತುಂಡಾಗಿತ್ತು! ಮೊದಲು ಅಳೆದಾಗ ನಡುವಿನ ತುಂಡು ಯಾವ ಕಡೆಗೂ ಸೇರದೆ ಸೊನ್ನೆ ತೋರಿಸಿತ್ತು, ಹಾಗಾಗಿ ಎರಡನೆಯದು ಕಾಣಲೇ ಇಲ್ಲ. ಅದಕ್ಕೂ ಟೇಪ್ ಅಂಟಿಸಿ ಪೇಂಟ್ ಹಚ್ಚಿದೆ.

ಬುಧವಾರ

ಹಬೆ ಹಿಡಿಸಿ ಆನ್ ಮಾಡಿದೆ. 12 ಗೆರೆಯೂ ಕಾಣುವ ಹಾಗೆ ಮಂಜು ಕರಗಿತು. ಪೇಂಟ್ ಹಚ್ಚಿದ ನಾಲ್ಕೂ ಜಾಗವನ್ನು ಬೆರಳಿಟ್ಟು ನೋಡಿದೆ, ಉಳಿದ ಗೆರೆಗಿಂತ ಜಾಸ್ತಿ ಬಿಸಿ ಇಲ್ಲ. ಅಲ್ಲಿ ಮಾತ್ರ ಸುಡುತ್ತಿದ್ದರೆ ಪೇಂಟ್ ತೀರಾ ತೆಳುವಾಗಿದೆ ಅಂತ, ಇನ್ನೊಂದು ಸಲ ಹಚ್ಚಬೇಕು. ಪಟ್ಟಿಗೆ ವೈರ್ ಸೇರುವ ತಗಡಿನ ತುಂಡೇ ಕಿತ್ತು ಬಂದಿದ್ದರೆ ಈ ಪೇಂಟ್ ಸಾಲದು, ಎಲ್ಲ ಗೆರೆಯ ಕರೆಂಟೂ ಅಲ್ಲೇ ಹಾಯುತ್ತದೆ. ಅದನ್ನು ಬೆಸುಗೆಯೇ ಹಾಕಿಸಬೇಕು.