ಸಿಳ್ಳೆ ನಿಲ್ಲಿಸಿದೆ, ಡ್ರೈವ್ ಕಾಯಿತು

ಜನವರಿಯ ಒಂದು ಸಂಜೆ ಕಲಬುರಗಿಯ ಸಭಾಂಗಣವೊಂದರಿಂದ ಫೋನ್ ಬಂತು. ಅಲ್ಲಿನ ಹವಾನಿಯಂತ್ರಣದ ದೊಡ್ಡ ಬ್ಲೋಯರ್‌ಗೆ ತಿಂಗಳ ಹಿಂದಷ್ಟೇ ನಾನೇ, ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಇನ್ವರ್ಟರ್ ಡ್ರೈವ್ ಕೂರಿಸಿ ಬಂದಿದ್ದೆ. ಡ್ರೈವ್ ಚೆನ್ನಾಗಿಯೇ ಓಡುತ್ತಿತ್ತು, ದೂರು ಬೇರೆಯದು. ಹಾಡಲು ಬಂದಿದ್ದ ಹಿರಿಯರೊಬ್ಬರು ತಂಬೂರಿ ಶ್ರುತಿ ಮಾಡುತ್ತಿದ್ದವರು ನಡುವೆ ನಿಲ್ಲಿಸಿ, "ಮೇಲೆ ಇನ್ನೊಂದು ಶ್ರುತಿ ಹಿಡಿದಿರುವವರು ಯಾರು?" ಎಂದು ಕೇಳಿದರಂತೆ. ಗಾಳಿಯ ಕೊಳವೆಗುಂಟ ಇಳಿದು ಬರುತ್ತಿದ್ದ ತೆಳು ಸಿಳ್ಳೆಯನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಅಂದಿನಿಂದ ಎಲ್ಲರಿಗೂ ಅದೊಂದೇ ಕೇಳಿಸತೊಡಗಿತು.

ಹುಬ್ಬಳ್ಳಿಯಿಂದ ಮರುದಿನವೇ ಹೋದೆ. ಇಂಥ ಸದ್ದು ಬೇರಿಂಗ್‌ನದ್ದೋ, ಫ್ಯಾನ್‌ನದ್ದೋ, ಡ್ರೈವ್‌ನಿಂದ ಹುಟ್ಟಿದ್ದೋ ಎಂದು ತಿಳಿಯಲು ಉಪಕರಣವೇನೂ ಬೇಡ. ವೇಗವನ್ನು 46 ಹರ್ಟ್ಸ್‌ನಿಂದ 30ಕ್ಕೆ ಇಳಿಸಿದೆ. ಗಾಳಿಯ ಮೊರೆತ ಇಳಿಯಿತು, ಸಿಳ್ಳೆ ಮಾತ್ರ ಅದೇ ಸ್ವರದಲ್ಲಿ ನಿಂತಿತ್ತು. ಆಮೇಲೆ ಡ್ರೈವ್‌ನ ಔಟ್‌ಪುಟ್ ಕಡಿದು ಬ್ಲೋಯರ್ ತಾನಾಗಿಯೇ ತಿರುಗಿ ನಿಲ್ಲಲು ಬಿಟ್ಟೆ. ಫ್ಯಾನ್ ಇನ್ನೂ ಅರ್ಧ ನಿಮಿಷ ತಿರುಗುತ್ತಿತ್ತು, ಸಿಳ್ಳೆ ಆ ಕ್ಷಣಕ್ಕೇ ನಿಂತಿತು. ಬೇರಿಂಗ್ ಆಗಿದ್ದರೆ ಸದ್ದು ವೇಗದ ಜೊತೆಯಲ್ಲೇ ಇಳಿಯುತ್ತಾ ಬರಬೇಕಿತ್ತು. ಇದು ಕ್ಯಾರಿಯರ್ ಫ್ರೀಕ್ವೆನ್ಸಿಯ ಸದ್ದು.

ಡ್ರೈವ್ ಮೋಟಾರಿಗೆ ಕೊಡುವುದು ನಯವಾದ ಅಲೆಯನ್ನಲ್ಲ. 415 ವೋಲ್ಟ್ ಪೂರೈಕೆಯನ್ನು ಮೊದಲು ಸುಮಾರು 585 ವೋಲ್ಟ್ ಡಿ.ಸಿ. ಮಾಡಿಕೊಂಡು, ಅದನ್ನು ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚುಗಳಿಂದ ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸುತ್ತದೆ. ತುಂಡುಗಳ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ, ಸರಾಸರಿಯಲ್ಲಿ ಅಲೆಯಂತೆ ಕಾಣುವಂತೆ ಮಾಡುತ್ತದೆ. ಕತ್ತರಿಸುವ ಈ ಲಯವೇ ಕ್ಯಾರಿಯರ್ ಫ್ರೀಕ್ವೆನ್ಸಿ. ಮೋಟಾರಿನ ಸುರುಳಿ ಕರೆಂಟನ್ನು ಸಾಕಷ್ಟು ನಯಗೊಳಿಸುತ್ತದೆ, ಆದರೂ ಅದರ ಮೇಲೆ ಸಣ್ಣ ಗರಗಸದ ಹಲ್ಲುಗಳಂತೆ ಏರಿಳಿತ ಉಳಿಯುತ್ತದೆ. ಆ ಏರಿಳಿತಕ್ಕೆ ಮೋಟಾರಿನ ತಿರುಗದ ಭಾಗವಾದ ಸ್ಟೇಟರ್‌ನ ಉಕ್ಕಿನ ಪದರಗಳು ಕಂಪಿಸುತ್ತವೆ, ಮೋಟಾರಿನ ಮೈ ಧ್ವನಿವರ್ಧಕವಾಗುತ್ತದೆ. ನಾನು ಇಟ್ಟಿದ್ದದ್ದು ಕಾರ್ಖಾನೆಯಿಂದ ಬಂದ ಮೌಲ್ಯ, 4 ಕಿಲೋಹರ್ಟ್ಸ್. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವೆ. ಸಿಳ್ಳೆ ಸರಿಯಾಗಿ ಅಲ್ಲಿಯೇ ಬಂದು ಕೂತಿತ್ತು.

ಪರಿಹಾರ ಕೀಪ್ಯಾಡ್‌ನಲ್ಲೇ ಇತ್ತು. ಕ್ಯಾರಿಯರ್ ಹೊಂದಿಸುವ ಸೆಟ್ಟಿಂಗ್ ಮಿತ್ಸುಬಿಷಿ ಡ್ರೈವ್‌ಗಳಲ್ಲಿ Pr.72, ಯಾಸ್ಕಾವಾದಲ್ಲಿ C6-02, ಡ್ಯಾನ್‌ಫಾಸ್‌ನಲ್ಲಿ 14-01. ಹೆಸರು ಯಾವುದಾದರೂ ಆಗಲಿ, ತಿರುಗಿಸಿ ಒತ್ತಿದರೆ ಮುಗಿಯಿತು. 4 ಇದ್ದದ್ದನ್ನು 12 ಮಾಡಿದೆ. ಸಭಾಂಗಣ ಮೌನವಾಯಿತು. ನನ್ನ ಜೊತೆ ಬಂದಿದ್ದ ಹುಡುಗ ಮಾತ್ರ, "ಸರ್, ನನಗೆ ಇನ್ನೂ ಸಣ್ಣಗೆ ಕೇಳಿಸುತ್ತಿದೆ" ಎಂದ. ಐವತ್ತು ದಾಟಿದ ನನ್ನ ಕಿವಿಗೆ 12 ಕಿಲೋಹರ್ಟ್ಸ್ ಇಲ್ಲವೇ ಇಲ್ಲ, ಅವನಿಗಿನ್ನೂ ಇಪ್ಪತ್ತೆರಡು. ಗಾಯಕರೂ ನನ್ನ ವಯಸ್ಸು ದಾಟಿದವರೇ ಎಂದು ಸಮಾಧಾನಪಟ್ಟುಕೊಂಡೆ. ಇಪ್ಪತ್ತು ನಿಮಿಷ ನಿಂತು ನೋಡಿದೆ, ಡ್ರೈವ್‌ನ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್‌ನ ಉಷ್ಣತೆ ಪರದೆಯಲ್ಲಿ 76 ಡಿಗ್ರಿಗೆ ಬಂದು ನಿಂತಿತು. ಎಚ್ಚರಿಕೆಯ ಮಿತಿ 90, ಟ್ರಿಪ್ ಆಗುವುದು 100. ಚಹಾ ಕುಡಿದು ಬಸ್ ಹತ್ತಿದೆ.

ಮಾರ್ಚ್ ಎರಡನೆಯ ವಾರ ಮತ್ತೆ ಫೋನ್. ಸಿಳ್ಳೆ ಮರಳಿತ್ತು, ಆದರೆ ವಿಚಿತ್ರವಾಗಿ. "ಬೆಳಿಗ್ಗೆ ಇರುವುದಿಲ್ಲ ಸರ್, ಮಧ್ಯಾಹ್ನ ಎರಡು ಗಂಟೆಗೆ ಶುರುವಾಗುತ್ತದೆ, ಕತ್ತಲಾದ ಮೇಲೆ ಹೋಗುತ್ತದೆ" ಎಂದರು ಅಲ್ಲಿನ ಆಪರೇಟರ್. ನನಗೆ ಕಾರಣ ಗೊತ್ತಿತ್ತು. ಹೀಟ್‌ಸಿಂಕ್ ಬಿಸಿಯಾದಾಗ ಡ್ರೈವ್ ತಾನಾಗಿಯೇ ಕ್ಯಾರಿಯರ್ ಇಳಿಸಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ಈಗಿನ ಬಹುತೇಕ ಡ್ರೈವ್‌ಗಳಲ್ಲಿ ಇದು ಇರುತ್ತದೆ. ಗೊತ್ತಿದ್ದೂ ನಾನು ಮಾಡಿದ್ದೇನು? ಅದನ್ನು ಆಫ್ ಮಾಡುವುದು ಹೇಗೆಂದು ಫೋನಿನಲ್ಲೇ ಹೇಳಿಕೊಟ್ಟೆ. ಸಿಳ್ಳೆ ನಿಂತಿತು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಇದಕ್ಕಿಂತ ದಡ್ಡ ಸಲಹೆಯನ್ನು ಬೇರೆ ಯಾರಿಗೂ ಕೊಟ್ಟ ನೆನಪಿಲ್ಲ. ಮಧ್ಯಾಹ್ನದ ಆ ಸಿಳ್ಳೆ, "ನನಗೆ ಸೆಖೆಯಾಗುತ್ತಿದೆ" ಎಂದು ಡ್ರೈವ್ ಹೇಳಿಕೊಳ್ಳುತ್ತಿದ್ದ ರೀತಿ. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಏಪ್ರಿಲ್ ಕೊನೆಯಲ್ಲಿ, ತುಂಬಿದ ಸಭೆಯ ನಡುವೆ, ಸಂಜೆ ನಾಲ್ಕಕ್ಕೆ ಡ್ರೈವ್ ಹೀಟ್‌ಸಿಂಕ್ ಓವರ್‌ಹೀಟ್ ಎಂದು ಟ್ರಿಪ್ ಆಯಿತು. ರೀಸೆಟ್ ಮಾಡಿದರೆ ಕಾಲು ಗಂಟೆ ಓಡುವುದು, ಮತ್ತೆ ನಿಲ್ಲುವುದು. ಕಲಬುರಗಿಯ ಏಪ್ರಿಲ್, ಎ.ಸಿ. ಇಲ್ಲ, ಒಳಗೆ ಆರುನೂರು ಜನ. ಆ ಸಂಜೆ ನನಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಈ ಬಾರಿ ಹೋದಾಗ, ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಕೂತು ಮಾಡಿದೆ. ಐಜಿಬಿಟಿ ಪೂರ್ತಿ ಆಫ್ ಇದ್ದಾಗ ಕರೆಂಟ್ ಇಲ್ಲ, ಆದ್ದರಿಂದ ಬಿಸಿಯೂ ಇಲ್ಲ. ಪೂರ್ತಿ ಆನ್ ಇದ್ದಾಗ ಅದರ ಮೇಲೆ ಒಂದೂವರೆ–ಎರಡು ವೋಲ್ಟ್ ಮಾತ್ರ ಉಳಿಯುತ್ತದೆ, ಆ ಬಿಸಿ ಕರೆಂಟಿಗೆ ತಕ್ಕಂತೆ ಇರುತ್ತದೆ, ಕ್ಯಾರಿಯರ್ ಎಷ್ಟಿದ್ದರೂ ಬದಲಾಗುವುದಿಲ್ಲ. ತೊಂದರೆ ಇರುವುದು ಒಂದರಿಂದ ಇನ್ನೊಂದಕ್ಕೆ ದಾಟುವ ಆ ಮೈಕ್ರೋಸೆಕೆಂಡಿನಷ್ಟು ಹೊತ್ತಿನಲ್ಲಿ. ಆಗ ಪೂರ್ತಿ ವೋಲ್ಟೇಜೂ ಪೂರ್ತಿ ಕರೆಂಟೂ ಒಟ್ಟಿಗೆ ಅದರ ಮೇಲಿರುತ್ತವೆ. ಒಂದು ಸಲಕ್ಕೆ ಕೆಲವು ಮಿಲಿಜೂಲ್ ಅಷ್ಟೇ, ಆದರೆ ಪ್ರತಿ ದಾಟುವಿಕೆಗೂ ಆ ಸುಂಕ ಕಟ್ಟಬೇಕು. ಕ್ಯಾರಿಯರ್ ಮೂರು ಪಟ್ಟಾದರೆ ಸುಂಕವೂ ಮೂರು ಪಟ್ಟು.

15 ಕಿಲೋವ್ಯಾಟ್ ಡ್ರೈವ್, ಮೋಟಾರ್ ಎಳೆಯುತ್ತಿದ್ದದ್ದು 26 ಆಂಪಿಯರ್. ನನ್ನ ಅಂದಾಜಿನಲ್ಲಿ ಬಿಸಿಯಾಗಿ ಹೋಗುವುದು, ಪೂರೈಕೆಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್‌ದು 70 ವ್ಯಾಟ್, ಐಜಿಬಿಟಿಗಳು ಆನ್ ಇರುವಾಗಿನದು 130, ದಾಟುವಿಕೆಯದು 4 ಕಿಲೋಹರ್ಟ್ಸ್‌ನಲ್ಲಿ 80. ಒಟ್ಟು 280 ವ್ಯಾಟ್. 12ಕ್ಕೆ ಏರಿಸಿದಾಗ ಆ 80 ಹೋಗಿ 240 ಆಯಿತು, ಒಟ್ಟು 440. ಹೀಟ್‌ಸಿಂಕ್ ಪ್ರತಿ 10 ವ್ಯಾಟಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತಿತ್ತು. ಅಂದರೆ ಸುತ್ತಲಿನ ಗಾಳಿಗಿಂತ 28 ಡಿಗ್ರಿ ಮೇಲಿರಬೇಕಾದದ್ದು 44 ಡಿಗ್ರಿ ಮೇಲೆ ಹೋಗಿತ್ತು.

ಇಲ್ಲಿ "ಸುತ್ತಲಿನ ಗಾಳಿ" ಎಂದರೆ ಕೋಣೆಯ ಗಾಳಿಯಲ್ಲ, ಡ್ರೈವ್ ಕೂತಿರುವ ಪೆಟ್ಟಿಗೆಯ, ಅಂದರೆ ಪ್ಯಾನೆಲ್‌ನ ಒಳಗಿನದು. ನಾನು ಎಡವಿದ್ದು ಇಲ್ಲಿಯೇ. ಜನವರಿ ಸಂಜೆ ಕೋಣೆ 22 ಡಿಗ್ರಿ, ಪ್ಯಾನೆಲ್ ಇನ್ನೂ ಪೂರ್ತಿ ಕಾದಿರಲಿಲ್ಲ, ಒಳಗೆ 32. ಅದಕ್ಕೆ 44 ಸೇರಿಸಿದರೆ ನಾನು ಕಂಡ 76. ಏಪ್ರಿಲ್‌ನಲ್ಲಿ ತಾರಸಿ ಮೇಲಿನ ಆ ತಗಡಿನ ಕೋಣೆಯಲ್ಲಿ ಥರ್ಮಾಮೀಟರ್ 43 ತೋರಿಸಿತು. ಹೆಚ್ಚಾದ 160 ವ್ಯಾಟ್ ಪ್ಯಾನೆಲ್ ಒಳಗಿನ ಗಾಳಿಯನ್ನೂ ಕಾಯಿಸುತ್ತದೆ, ಜೊತೆಗೆ ಬಾಗಿಲಿನ ಫಿಲ್ಟರ್ ಧೂಳಿನಿಂದ ಕಂಬಳಿಯಾಗಿತ್ತು. ಒಳಗೆ 58. 58ಕ್ಕೆ 44 ಸೇರಿಸಿದರೆ 102. ಟ್ರಿಪ್ ಆಗದೇ ಇನ್ನೇನಾದೀತು?

ಕೈಪಿಡಿಯಲ್ಲಿ ಈ ಲೆಕ್ಕವನ್ನೆಲ್ಲ ಮಾಡಿಟ್ಟ ಕೋಷ್ಟಕವಿತ್ತು. 4 ಕಿಲೋಹರ್ಟ್ಸ್‌ನಲ್ಲಿ 31 ಆಂಪಿಯರ್ ಕೊಡಬಲ್ಲ ಡ್ರೈವ್ 12ರಲ್ಲಿ ಸತತವಾಗಿ ಕೊಡಬಲ್ಲದ್ದು 21 ಮಾತ್ರ. ಅದೂ ಒಳಗಿನ ಗಾಳಿ 50 ಡಿಗ್ರಿ ಮೀರದಿದ್ದರೆ. ನಾವು ಜನವರಿಯಿಂದ 26 ಎಳೆಯುತ್ತಿದ್ದೆವು. ಡ್ರೈವ್‌ನ ಮೇಲೆ 15 ಕಿಲೋವ್ಯಾಟ್ ಎಂದು ಬರೆದಿತ್ತು, ಮೋಟಾರ್ ಮೇಲೂ ಅದೇ ಬರೆದಿತ್ತು, ಎರಡೂ ಹೊಂದಿದವು ಎಂದುಕೊಂಡಿದ್ದೆ. ಕ್ಯಾರಿಯರ್ ಏರಿಸಿದ ಕ್ಷಣದಲ್ಲಿ ಅದು 11 ಕಿಲೋವ್ಯಾಟ್ ಆಸುಪಾಸಿನ ಡ್ರೈವ್ ಆಗಿಬಿಟ್ಟಿತ್ತು, ಚಳಿಗಾಲ ಅದನ್ನು ಮುಚ್ಚಿಟ್ಟಿತ್ತು.

ಹಾಗಾದರೆ ಮೋಟಾರಿಗಾದರೂ ಲಾಭವಾಯಿತೇ? ಕ್ಯಾರಿಯರ್ ಏರಿಸಿದರೆ ಮೋಟಾರ್ ತಂಪಾಗುತ್ತದೆ ಎಂಬ ಮಾತು ನಮ್ಮ ವೃತ್ತಿಯಲ್ಲಿ ಚಾಲ್ತಿಯಲ್ಲಿದೆ, ಸುಳ್ಳೂ ಅಲ್ಲ. ಗರಗಸದ ಹಲ್ಲು ಸಣ್ಣದಾದಷ್ಟೂ ರೋಟರಿನ ಸರಳುಗಳಲ್ಲೂ ಉಕ್ಕಿನಲ್ಲೂ ಹುಟ್ಟುವ ಹೆಚ್ಚುವರಿ ಬಿಸಿ ಕಡಿಮೆಯಾಗುತ್ತದೆ. 1 ಅಥವಾ 2 ಕಿಲೋಹರ್ಟ್ಸ್‌ನಿಂದ 4ಕ್ಕೆ ಬಂದಾಗ ಅದು ಎದ್ದು ಕಾಣಬಹುದು. ಅಲ್ಲಿಂದಾಚೆಗೆ ಹಲ್ಲು ಆಗಲೇ ಸಣ್ಣದು, ಇನ್ನಷ್ಟು ಸಣ್ಣದಾದರೂ ಉಳಿಯುವುದು ಪುಡಿಗಾಸು. ನಾನು ಎರಡೂ ಮೌಲ್ಯಗಳಲ್ಲಿ ಗಂಟೆಗಟ್ಟಲೆ ಓಡಿಸಿ ಮೋಟಾರಿನ ಮೈಯ ಉಷ್ಣತೆ ನೋಡಿದೆ. 4ರಲ್ಲಿ 71 ಡಿಗ್ರಿ, 12ರಲ್ಲಿ 70. ಆ ಒಂದು ಡಿಗ್ರಿಗಾಗಿ ಡ್ರೈವ್‌ಗೆ 160 ವ್ಯಾಟ್ ಹೊರೆ ಹೊರಿಸಿದ್ದೆ. ಡ್ರೈವ್‌ನಿಂದ ಮೋಟಾರಿಗೆ 70 ಮೀಟರ್ ಕೇಬಲ್ ಬೇರೆ. ಪ್ರತಿ ದಾಟುವಿಕೆಯಲ್ಲೂ ಕೇಬಲ್‌ನಿಂದ ಭೂಮಿಗೆ ಸ್ವಲ್ಪ ಕರೆಂಟ್ ಸೋರುತ್ತದೆ, ಮೂರು ಪಟ್ಟು ದಾಟಿಸಿದರೆ ಆ ಸೋರಿಕೆಯೂ ಏರುತ್ತದೆ. ಅಲ್ಲಿ ಅರ್ತ್ ಲೀಕೇಜ್ ರಿಲೇ ಇದ್ದಿದ್ದರೆ ಮೊದಲು ಅದೇ ಬಿದ್ದು ನನ್ನನ್ನು ಎಚ್ಚರಿಸುತ್ತಿತ್ತೇನೋ.

12 ಕಿಲೋಹರ್ಟ್ಸ್ ಬೇಕೇ ಬೇಕು ಎಂದಾದರೆ 22 ಕಿಲೋವ್ಯಾಟ್ ಡ್ರೈವ್ ಹಾಕಬೇಕು ಎಂದು ಆಡಳಿತದವರಿಗೆ ಹೇಳಿದೆ. ಬೆಲೆ ಕೇಳಿ ಅವರು ಸುಮ್ಮನಾದರು. ಹಾಗಾಗಿ 6ಕ್ಕೆ ಇಳಿಸಿದೆ. ಕಿವಿಯ ಸೂಕ್ಷ್ಮ ವಲಯದಿಂದ ಸ್ವಲ್ಪ ಆಚೆ, ಕೋಷ್ಟಕದಲ್ಲಿ 28 ಆಂಪಿಯರ್. ಕ್ಯಾರಿಯರನ್ನು ಒಂದೇ ಸ್ವರದಲ್ಲಿ ನಿಲ್ಲಿಸದೆ ಆಚೀಚೆ ಚದುರಿಸುವ ಆಯ್ಕೆ ಆ ಡ್ರೈವ್‌ನಲ್ಲಿತ್ತು, ಅದನ್ನು ಆನ್ ಮಾಡಿದೆ. ಸಿಳ್ಳೆ ಸಣ್ಣ ಮಳೆಯ ಸದ್ದಿನಂತಾಗಿ ಗಾಳಿಯ ಮೊರೆತದಲ್ಲಿ ಬೆರೆಯಿತು. ತಾನಾಗಿ ಇಳಿಸಿಕೊಳ್ಳುವ ಸೌಲಭ್ಯವನ್ನು ಮರಳಿ ಆನ್ ಮಾಡಿದೆ. ಗಾಳಿ ಅಳೆದು ನೋಡಿದರೆ 46 ಹರ್ಟ್ಸ್‌ನ ಅಗತ್ಯವೇ ಇರಲಿಲ್ಲ, 42ಕ್ಕೆ ತಂದೆ, ಕರೆಂಟ್ 23ಕ್ಕೆ ಇಳಿಯಿತು. ಪ್ಯಾನೆಲ್‌ಗೆ ಹೊಸ ಫಿಲ್ಟರ್, ಮೇಲ್ಭಾಗಕ್ಕೆ ಇನ್ನೊಂದು ಎಕ್ಸಾಸ್ಟ್ ಫ್ಯಾನ್.

ಕೊನೆಗೆ ಕಂಡದ್ದು ಕ್ಯಾನ್ವಾಸ್. ಬ್ಲೋಯರ್‌ಗೂ ಗಾಳಿ ಕೊಳವೆಗೂ ನಡುವೆ ಕಂಪನ ದಾಟದಂತೆ ಕಟ್ಟಿದ್ದ ಬಟ್ಟೆಯ ತೋಳಿನ ಮೇಲೆ ಯಾರೋ ಬಣ್ಣ ಬಳಿದಿದ್ದರು, ಅದು ಹಲಗೆಯಂತೆ ಗಟ್ಟಿಯಾಗಿತ್ತು. ಸಿಳ್ಳೆ ಅಷ್ಟು ದೂರದ ವೇದಿಕೆಗೆ ಇಳಿದು ಬಂದ ದಾರಿ ಅದೇ. ಅದನ್ನು ಬದಲಿಸಿದ ಮೇಲೆ ಹುಡುಗನನ್ನು ವೇದಿಕೆಯ ಮೇಲೆ ಕೂರಿಸಿ ಕೇಳಿದೆ. "ಈಗ ಇಲ್ಲ ಸರ್" ಎಂದ. ಜನವರಿಯಲ್ಲಿ ಕೀಪ್ಯಾಡ್ ಮುಟ್ಟುವ ಮೊದಲು ಈ ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿದ್ದರೆ, 4ರಲ್ಲೇ ಕೆಲಸ ಮುಗಿಯುತ್ತಿತ್ತೋ ಏನೋ.

ಹೊರಡುವ ಮುನ್ನ ಪ್ಯಾನೆಲ್ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿ, ದಿನಾ ಮಧ್ಯಾಹ್ನ ಮೂರಕ್ಕೆ ಹೀಟ್‌ಸಿಂಕ್ ಉಷ್ಣತೆ ಬರೆಯಲು ಆಪರೇಟರ್‌ಗೆ ಹೇಳಿದೆ. ಜೂನ್‌ನಲ್ಲಿ ಅದರ ಫೋಟೊ ಕಳಿಸಿದರು. ಮೇ ತಿಂಗಳ ಅತಿ ಹೆಚ್ಚು 78.