ಮೇಲ್ ಅನ್ನು ಕ್ಯಾಲೆಂಡರ್‌ಗೆ ಎಳೆಯುವಾಗ ಬಲಗಡೆ ಬಟನ್ ಒತ್ತಿ

ನಾನು ನವಿ ಮುಂಬೈಯಲ್ಲಿ ಒಂದು ಫಾರ್ವರ್ಡಿಂಗ್ ಆಫೀಸಿನ ಎಕ್ಸ್‌ಪೋರ್ಟ್ ಡೆಸ್ಕ್ ನೋಡಿಕೊಳ್ಳುತ್ತೇನೆ. ನ್ಹಾವಾ ಶೇವಾ ಬಂದರಿನಿಂದ ಹೋಗುವ ಕಂಟೇನರ್‌ಗಳ ಕಾಗದಪತ್ರ ನಮ್ಮ ಕೆಲಸ. ಇಲ್ಲಿ ಎಲ್ಲವೂ ಕಟ್‌ಆಫ್ ಮೇಲೆ ನಿಂತಿದೆ. ಶಿಪ್ಪಿಂಗ್ ಇನ್‌ಸ್ಟ್ರಕ್ಷನ್, ಅಂದರೆ ಎಸ್‌ಐ ಕೊಡಲು ಒಂದು ಗಡುವು, ಕಂಟೇನರ್ ತೂಕದ ವಿಜಿಎಂ ಕೊಡಲು ಇನ್ನೊಂದು, ಗೇಟ್ ಒಳಗೆ ಹೋಗಲು ಮತ್ತೊಂದು. ಯಾವುದಾದರೂ ಒಂದು ತಪ್ಪಿದರೂ ಕಂಟೇನರ್ ಮುಂದಿನ ಹಡಗಿಗೆ ಹೋಗುವ ಸಾಧ್ಯತೆ ಇರುತ್ತದೆ. ಈ ಗಡುವುಗಳೆಲ್ಲ ಬರುವುದು ಮೇಲ್‌ನಲ್ಲಿ. ಹಾಗಾಗಿ ಮೇಲ್‌ನಿಂದ ಕ್ಯಾಲೆಂಡರ್‌ಗೆ ಅವು ಹೇಗೆ ಹೋಗುತ್ತವೆ ಅನ್ನುವುದು ನಮಗೆ ಸಣ್ಣ ವಿಷಯ ಅಲ್ಲ.

ನಮ್ಮಲ್ಲಿರುವುದು ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್, ಈಗ ಕ್ಲಾಸಿಕ್ ಅನ್ನುತ್ತಾರಲ್ಲ, ಅದು. ಅದರಲ್ಲಿ ಮೇಲ್ ಹಿಡಿದು ಕ್ಯಾಲೆಂಡರ್ ಗುರುತಿನ ಮೇಲೆ ಬಿಟ್ಟರೆ ಹೊಸ ಅಪಾಯಿಂಟ್‌ಮೆಂಟ್ ತೆರೆದುಕೊಳ್ಳುತ್ತದೆ. ಮೇಲ್‌ನ ಸಬ್ಜೆಕ್ಟ್ ಅದರ ತಲೆಬರಹ ಆಗುತ್ತದೆ, ಮೇಲ್‌ನಲ್ಲಿ ಬರೆದದ್ದು ಕೆಳಗೆ ಟಿಪ್ಪಣಿಯಾಗಿ ಬರುತ್ತದೆ. ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಎರಡು: ಏನು ಹಿಂದೆ ಉಳಿಯುತ್ತದೆ, ಮತ್ತು ಗಂಟೆ ಎಲ್ಲಿಂದ ಬರುತ್ತದೆ.

ಒಂದು ಬುಕಿಂಗ್ ತಗೊಳ್ಳೋಣ. ಸೋಮವಾರ ಬೆಳಗ್ಗೆ 11.20ಕ್ಕೆ ಹ್ಯಾಂಬರ್ಗ್‌ನ ಬುಕಿಂಗ್ ಕನ್‌ಫರ್ಮೇಷನ್ ಬಂತು ಅಂದುಕೊಳ್ಳಿ. ಮೇಲ್‌ನಲ್ಲಿ ಬರೀ ಎರಡು ಸಾಲು, ವಿವರವೆಲ್ಲ ಜೊತೆಗಿರುವ ಪಿಡಿಎಫ್‌ನಲ್ಲಿ. ಎಸ್‌ಐ ಬುಧವಾರ ಸಂಜೆ 6ಕ್ಕೆ, ವಿಜಿಎಂ ಗುರುವಾರ ಮಧ್ಯಾಹ್ನ 12ಕ್ಕೆ, ಗೇಟ್ ಶುಕ್ರವಾರ ಬೆಳಗ್ಗೆ 6ಕ್ಕೆ. ಈ ಮೇಲ್ ಅನ್ನು ಮಾಮೂಲಿ ಎಡಗಡೆ ಬಟನ್‌ನಿಂದ ಎಳೆದು ಬಿಟ್ಟರೆ ಆ ಎರಡು ಸಾಲು ಮಾತ್ರ ಬರುತ್ತದೆ. ಪಿಡಿಎಫ್ ಬರುವುದಿಲ್ಲ. ಗಂಟೆಯೂ ಮೇಲ್‌ನಿಂದ ಬಂದದ್ದಲ್ಲ. ಔಟ್‌ಲುಕ್ ಮೇಲ್ ಓದಿ ತಾರೀಕು ಹುಡುಕುವುದಿಲ್ಲ, ಇವತ್ತಿನ ತಾರೀಕನ್ನೇ ಹಾಕಿ ಮುಂದಿನ ಅರ್ಧಗಂಟೆ ಕೊಡುತ್ತದೆ, ಅಂದರೆ ಸೋಮವಾರ 11.30ರಿಂದ 12. ಆ ಅವಸರದಲ್ಲಿ `Save & Close` ಒತ್ತಿದರೆ ಕ್ಯಾಲೆಂಡರ್‌ನಲ್ಲಿ ಏನೋ ಬಿದ್ದಿದೆ ಅನ್ನುವ ಸಮಾಧಾನ ಸಿಗುತ್ತದೆ, ಆದರೆ ಬಿದ್ದದ್ದು ತಪ್ಪು ದಿನದಲ್ಲಿ.

ಬಲಗಡೆ ಬಟನ್ ಒತ್ತಿ ಹಿಡಿದು ಎಳೆದರೆ ಕಥೆ ಬೇರೆ. ಕ್ಯಾಲೆಂಡರ್ ಮೇಲೆ ಬಿಟ್ಟ ತಕ್ಷಣ ಒಂದು ಮೆನು ಬರುತ್ತದೆ. ಅದರಲ್ಲಿ `Copy Here as Appointment with Text` ಎಂದರೆ ಎಡಗಡೆ ಬಟನ್ ಮಾಡುವ ಕೆಲಸವೇ. ನಮಗೆ ಬೇಕಾದ್ದು `Copy Here as Appointment with Attachment`. ಇದು ಇಡೀ ಮೇಲ್ ಅನ್ನು, ಪಿಡಿಎಫ್ ಸಮೇತ, ಅಪಾಯಿಂಟ್‌ಮೆಂಟ್ ಒಳಗೆ ಇಡುತ್ತದೆ. ಒಳಗೆ ಲಕೋಟೆ ಗುರುತು ಕಂಡರೆ ಮೇಲ್ ಬಂದಿದೆ ಅಂತ ಅರ್ಥ. `From`, `Sent`, `To` ಅನ್ನುವ ಸಾಲುಗಳು ಮಾತ್ರ ಕಂಡರೆ ಬಂದದ್ದು ಬರೀ ಅಕ್ಷರ. ರಿಮೈಂಡರ್ ಬಡಿದಾಗ ಲಕೋಟೆ ಒತ್ತಿದರೆ ಸಾಕು, ಬುಕಿಂಗ್ ನಂಬರ್ ಹುಡುಕಿಕೊಂಡು ಇನ್‌ಬಾಕ್ಸ್ ಅಲೆಯಬೇಕಾಗಿಲ್ಲ.

ಅದೇ ಮೆನುವಿನಲ್ಲಿ `Move Here as Appointment with Attachment` ಅಂತಲೂ ಇದೆ. ದಯವಿಟ್ಟು ಇದನ್ನು ಮುಟ್ಟಬೇಡಿ. ಹೆಸರು ಹೆಚ್ಚುಕಡಿಮೆ ಒಂದೇ ಥರ, ಮಾಡುವ ಕೆಲಸ ಪೂರ್ತಿ ಬೇರೆ. ಮೇಲ್ ಇನ್‌ಬಾಕ್ಸ್‌ನಿಂದ ಎದ್ದು ಅಪಾಯಿಂಟ್‌ಮೆಂಟ್ ಒಳಗೆ ಹೋಗಿ ಕೂರುತ್ತದೆ. ನಮ್ಮದು ಎಲ್ಲರೂ ಸೇರಿ ನೋಡುವ ಮೇಲ್‌ಬಾಕ್ಸ್. ಹೊಸದಾಗಿ ಸೇರಿದ ಧಾರವಾಡದ ಹುಡುಗ ಒಮ್ಮೆ ಹೀಗೆ ಮಾಡಿದ್ದ, ಇನ್‌ಬಾಕ್ಸ್ ಖಾಲಿ ಇದ್ದರೆ ಚೆನ್ನ ಅಂತ. ಪಕ್ಕದ ಡೆಸ್ಕಿನವರು ಬುಕಿಂಗ್ ಬಂದೇ ಇಲ್ಲ ಅಂತ ಲೈನರ್‌ಗೆ, ಅಂದರೆ ಹಡಗು ಕಂಪನಿಗೆ, ಫೋನ್ ಹಚ್ಚಿದ್ದರು. "ಮೇಡಂ, ನಾನು ಡಿಲೀಟ್ ಮಾಡಿಲ್ರೀ, ಕ್ಯಾಲೆಂಡರ್‌ಗೆ ಹಾಕೀನಿ ಅಷ್ಟೇ" ಅಂದ. ಅವನು ಹೇಳಿದ್ದು ನಿಜ. "ನಿನ್ನ ಕ್ಯಾಲೆಂಡರ್ ನಿನಗೆ ಮಾತ್ರ ಕಾಣಿಸೋದಪ್ಪಾ, ನಮಗೆ ಹೇಗೆ ಗೊತ್ತಾಗಬೇಕು?" ಅಂದೆ. ಅಪಾಯಿಂಟ್‌ಮೆಂಟ್ ತೆರೆದು ಒಳಗಿನ ಲಕೋಟೆಯನ್ನು ಇನ್‌ಬಾಕ್ಸ್‌ಗೆ ಎಳೆದು ತಂದೆವು. ಹಡಗು ಹೋದ ಮೇಲೆ ಅವನು ಆ ಅಪಾಯಿಂಟ್‌ಮೆಂಟ್ ಅಳಿಸಿದ್ದರೆ ಮೇಲ್ ಕೂಡ ಅದರ ಜೊತೆಗೇ ಹೋಗುತ್ತಿತ್ತು, ಅಲ್ವಾ?

ಇನ್ನು ಒಂದು ಮೇಲ್, ಮೂರು ಗಡುವು. ಒಂದೇ ಅಪಾಯಿಂಟ್‌ಮೆಂಟ್‌ನಲ್ಲಿ ಮೂರನ್ನೂ ಬರೆದು ಸುಮ್ನೆ ಬಿಡುವುದು ನನಗೆ ಸರಿ ಕಾಣುವುದಿಲ್ಲ, ಯಾಕೆಂದರೆ ರಿಮೈಂಡರ್ ಒಂದೇ ಸಲ ಬಡಿಯುತ್ತದೆ. ಅದೇ ಮೇಲ್ ಅನ್ನು ಮೂರು ಸಲ ಎಳೆಯುತ್ತೇವೆ. ತಲೆಬರಹದಲ್ಲಿ `RE:` `FW:` ಎಲ್ಲ ತೆಗೆದು ಮೊದಲು ಬುಕಿಂಗ್ ನಂಬರ್, ಆಮೇಲೆ ಎಸ್‌ಐ ಅಥವಾ ವಿಜಿಎಂ ಅಥವಾ ಗೇಟ್. ರಿಮೈಂಡರ್ ತಾನಾಗಿ 15 ನಿಮಿಷಕ್ಕೆ ಇರುತ್ತದೆ. ಮೀಟಿಂಗ್‌ಗೆ ಅದು ಸರಿ, ಎಸ್‌ಐಗೆ 15 ನಿಮಿಷದಲ್ಲಿ ಏನೂ ಆಗುವುದಿಲ್ಲ. ಗ್ರಾಹಕರಿಂದ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ತರಿಸಬೇಕು. ನಾವು ಒಂದು ದಿನ ಮುಂಚೆ ಇಡುತ್ತೇವೆ. ಜೊತೆಗೆ `Show As` ಅನ್ನು `Busy` ಇಂದ `Free` ಮಾಡುತ್ತೇವೆ, ಇಲ್ಲದಿದ್ದರೆ ಆ ಹೊತ್ತಿಗೆ ನಮ್ಮನ್ನು ಮೀಟಿಂಗ್‌ಗೆ ಕರೆಯಲು ನೋಡುವವರಿಗೆ ನಾವು ಬಿಡುವಿಲ್ಲದವರಂತೆ ಕಾಣುತ್ತೇವೆ.

ಕ್ಯಾಲೆಂಡರ್ ಬದಲು ಟಾಸ್ಕ್ ಮೇಲೂ ಇದೇ ರೀತಿ ಎಳೆಯಬಹುದು, ಬಲಗಡೆ ಬಟನ್‌ಗೆ ಅಲ್ಲೂ ಮೆನು ಬರುತ್ತದೆ. ಟಾಸ್ಕೇ ಸಾಕಲ್ಲ ಅಂತ ಕೇಳುವವರಿದ್ದಾರೆ. ನಮ್ಮ ಕೆಲಸಕ್ಕೆ ಸಾಲದು. ಟಾಸ್ಕ್‌ನ `Due date`ಗೆ ತಾರೀಕು ಮಾತ್ರ ಇದೆ, ಗಂಟೆ ಇಲ್ಲ. ರಿಮೈಂಡರ್‌ಗೆ ಗಂಟೆ ಇಡಬಹುದು, ಆದರೆ ಅದು ಗಡುವು ಅಲ್ಲ. ಶುಕ್ರವಾರ ಬೆಳಗ್ಗೆ 6ಕ್ಕೆ ಮುಚ್ಚುವ ಗೇಟ್ ಟಾಸ್ಕ್ ಪಟ್ಟಿಯಲ್ಲಿ ಬರೀ ಶುಕ್ರವಾರ ಅಂತ ಕಾಣುತ್ತದೆ. ಆಫೀಸಿಗೆ 9.30ಕ್ಕೆ ಬಂದು ನೋಡಿದವರಿಗೆ ಇನ್ನೂ ಇಡೀ ದಿನ ಇದೆ ಅನ್ನಿಸುತ್ತದೆ, ಗೇಟ್ ಆಗಲೇ ಮುಚ್ಚಿರುತ್ತದೆ. ಅದಕ್ಕೇ ಗಂಟೆ ಇರುವುದೆಲ್ಲ ಕ್ಯಾಲೆಂಡರ್‌ಗೆ. ಬಿಎಲ್, ಅಂದರೆ ಬಿಲ್ ಆಫ್ ಲೇಡಿಂಗ್‌ನ ಡ್ರಾಫ್ಟ್ ಗ್ರಾಹಕರಿಗೆ ತೋರಿಸಿ ಒಪ್ಪಿಗೆ ತಗೊಳ್ಳುವಂಥ ಕೆಲಸ ಟಾಸ್ಕ್‌ಗೆ.

ದಿನಕ್ಕೆ ಹತ್ತಾರು ಬುಕಿಂಗ್ ಬರುವವರಿಗೆ ಎಳೆಯುವುದೇ ಜಾಸ್ತಿ ಕೆಲಸ. ಅವರು `Quick Steps`ನಲ್ಲಿ `Create an appointment with attachment` ಅಂತ ಒಂದು ಹೆಜ್ಜೆ ಮಾಡಿಟ್ಟುಕೊಂಡು ಅದಕ್ಕೆ `Ctrl+Shift+1` ಕೊಡಬಹುದು. ಬಲಗಡೆ ಬಟನ್ ಮಾಡುವುದನ್ನೇ ಅದು ಮಾಡುತ್ತದೆ, ಕೈತಪ್ಪಿ ಮೂವ್ ಒತ್ತುವ ಭಯವೂ ಇಲ್ಲ.

ಕಷ್ಟ ಬರುವುದು ಗಡುವು ಬದಲಾದಾಗ. ಅಪಾಯಿಂಟ್‌ಮೆಂಟ್ ಒಳಗಿರುವುದು ಎಳೆದ ಹೊತ್ತಿನ ನಕಲು. ಮಂಗಳವಾರ ಲೈನರ್ ಅದೇ ಸಬ್ಜೆಕ್ಟ್‌ನಲ್ಲಿ ಗೇಟ್ ಗುರುವಾರ ರಾತ್ರಿ 10ಕ್ಕೆ ಅಂತ ಹೊಸ ಮೇಲ್ ಕಳಿಸಿದರೆ ಕ್ಯಾಲೆಂಡರ್‌ಗೆ ಅದರ ಸುದ್ದಿಯೇ ಇಲ್ಲ, ಅಲ್ಲಿ ಶುಕ್ರವಾರವೇ ಇರುತ್ತದೆ. ಹೊಸ ಮೇಲ್ ಅನ್ನೂ ಎಳೆದು ಇನ್ನೊಂದು ಅಪಾಯಿಂಟ್‌ಮೆಂಟ್ ಮಾಡಿದರೆ ಒಂದೇ ಕಂಟೇನರ್‌ಗೆ ಎರಡು ಗೇಟ್ ಗಡುವು ಆಗುತ್ತದೆ, ರಜೆಯಲ್ಲಿರುವವರ ಬದಲು ಕೂತವರು ಯಾವುದನ್ನು ನಂಬಬೇಕು? ಹಾಗಾಗಿ ಕ್ಯಾಲೆಂಡರ್‌ಗೆ ಹೋಗಿ `Ctrl+E` ಒತ್ತಿ ಬುಕಿಂಗ್ ನಂಬರ್ ಹುಡುಕುತ್ತೇವೆ. ಹಳೆಯ ಗೇಟ್ ಅಪಾಯಿಂಟ್‌ಮೆಂಟ್ ತೆರೆದು ಅಲ್ಲೇ ದಿನ, ಗಂಟೆ ತಿದ್ದುತ್ತೇವೆ. ಆಮೇಲೆ `Insert` ಟ್ಯಾಬ್‌ನ `Outlook Item` ಇಂದ ಹೊಸ ಮೇಲ್ ಅನ್ನು ಹಳೆಯದರ ಪಕ್ಕ ಸೇರಿಸುತ್ತೇವೆ. ಹಳೆಯದನ್ನು ತೆಗೆಯುವುದಿಲ್ಲ. ಗಡುವು ಯಾವಾಗ, ಯಾವ ಮೇಲ್‌ನಿಂದ ಬದಲಾಯಿತು ಅಂತ ಗ್ರಾಹಕರು ಕೇಳಿದಾಗ ಎರಡೂ ಲಕೋಟೆ ಒಂದೇ ಕಡೆ ಸಿಗುತ್ತವೆ.